ಸೆರಗು ಬಿಡದ ಮಗೂಗೆ ಒಂದು ಸೀರೆ ತುಂಡು: ಯಾವಾಗ ಕೊಡೋದು, ಹೇಗೆ ಕೊಡೋದು

ನಮ್ಮ ಮಗಳು ಹದಿಮೂರು ತಿಂಗಳಿರುವಾಗ ನನ್ನ ಸೆರಗಿನ ತುದೀನ ಬೆರಳಿಗೆ ಸುತ್ಕೊಂಡ್ರೇನೇ ಮಲಗ್ತಿದ್ಲು, ನಾನು ಮೆಲ್ಲಗೆ ಬಿಡಿಸ್ಕೊಂಡು ಎದ್ರೆ ಹತ್ತೇ ನಿಮಿಷದಲ್ಲಿ ಕೈ ಚಾಪೆ ಮೇಲೆಲ್ಲ ತಡಕಾಡಿ ಅಳು ಶುರು. ಡ್ಯೂಟಿಗೆ ವಾಪಸ್ ಹೋಗೋ ದಿನ ಬೇರೆ ಹತ್ರ ಬಂದಿತ್ತು. ಮಂಡ್ಯದಲ್ಲಿ ಮಧ್ಯಾಹ್ನ ಅತ್ತೆ ಮಲಗಿಸ್ಬೇಕು, ಸೆರಗು ಮಾತ್ರ ನನ್ನ ಜೊತೆ ಮೈಸೂರಿಗೆ ರೈಲು ಹತ್ತಿರತ್ತೆ. ಆಗ ಮಾಡಿದ್ದೇ ಈ ಸೀರೆ ತುಂಡಿನ ಉಪಾಯ. ಟೆಡ್ಡಿ ಕೊಡೋರಿಗೂ ಮುಕ್ಕಾಲು ಪಾಲು ಇದೇ ವಿಧಾನ.

ಮೊದಲು ವಯಸ್ಸು, ಯಾಕಂದ್ರೆ ಎಲ್ರೂ ಎಡವೋದು ಇಲ್ಲೇ. ಒಂದು ವರ್ಷ ತುಂಬೋವರೆಗೂ ಮಲಗೋ ಜಾಗದಲ್ಲಿ ಬೊಂಬೆ, ದಿಂಬು, ಬಿಡಿ ಬಟ್ಟೆ ಏನೂ ಬೇಡ. ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಸಂಘ 2022ರಲ್ಲಿ ಪರಿಷ್ಕರಿಸಿದ ಸಲಹೆಯಲ್ಲೂ ಮೊದಲ ವರ್ಷಕ್ಕೆ ಇದನ್ನೇ ಹೇಳಿದೆ. ಮೂಗಿನ ಮೇಲೆ ಮೆತ್ತನೆ ಬಟ್ಟೆ ಬಿದ್ರೆ ಮಗು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳ್ಕೊಳ್ತಾ ಇರತ್ತೆ, ಆಮ್ಲಜನಕ ಕಮ್ಮಿ ಆಗತ್ತೆ, ಚಿಕ್ಕ ಕೂಸಿಗೆ ಮುಖ ತಿರುಗಿಸಿ ತಪ್ಪಿಸ್ಕೊಳ್ಳೋಕೂ ಬರಲ್ಲ, ಅಳೋಕೂ ಆಗ್ದೆ ಇರ್ಬೋದು. "ಆರು ತಿಂಗಳಿಗೇ ಬೋರಲು ಬೀಳ್ತಾನೆ, ಬಟ್ಟೆ ಎಳ್ಕೊಳ್ತಾನೆ" ಅಂತಾರೆ, ಆದ್ರೆ ಎಚ್ಚರ ಇದ್ದಾಗ ಎಳೆಯೋದೇ ಬೇರೆ, ಗಾಢ ನಿದ್ದೇಲಿ ಎಳೆಯೋದೇ ಬೇರೆ. ನಮ್ಮತ್ತೆ ಕೂಡ "ನಮ್ ಕಾಲ್ದಲ್ಲಿ ತೊಟ್ಲು ತುಂಬ ಬಟ್ಟೆ ತುಂಬ್ತಿದ್ವು ಕಣವ್ವಾ, ಏನಾಯ್ತು?" ಅಂದ್ರು. ನಾನು ವಾದ ಮಾಡ್ಲಿಲ್ಲ, ವರ್ಷ ಆಗ್ಲಿ ಅತ್ತೆ ಅಂದೆ ಅಷ್ಟೆ. ತಿಂಗಳು ತುಂಬೋಕೆ ಮುಂಚೆ ಹುಟ್ಟಿದ ಮಗು ಆದ್ರೆ, ಅಥವಾ ಕೈಕಾಲು ಆಡಿಸೋದು ನಿಧಾನ ಇದ್ರೆ, ಹುಟ್ಟಿದಬ್ಬ ಲೆಕ್ಕ ಹಾಕ್ಬೇಡಿ, ನಿಮ್ಮ ಮಕ್ಕಳ ಡಾಕ್ಟರ್‌ನ ಕೇಳೇ ಶುರು ಮಾಡಿ.

ಈಗ ಬಟ್ಟೆ. ನನ್ನ ಹಳೇ ಕಾಟನ್ ಸೀರೆ ಒಂದಿತ್ತು, ಒಗೆದು ಒಗೆದು ಬೆಣ್ಣೆ ಥರ ಆಗಿತ್ತು, ಅದ್ರಲ್ಲಿ ದೊಡ್ಡ ಕರ್ಚೀಫ್‌ನಷ್ಟು, ಅಂದ್ರೆ ಒಂದಡಿಗೆ ಒಂದಡಿ, ಎರಡು ತುಂಡು ಕತ್ತರಿಸಿದೆ. ಒಂದೇ ಸೀರೇಲಿ ಎರಡು, ಇದು ಮರೀಬೇಡಿ, ಕಾರಣ ಆಮೇಲೆ ಹೇಳ್ತೀನಿ. ಜರಿ ಅಂಚು ಬೇಡ, ಚುಚ್ಚತ್ತೆ, ಬಾಯಲ್ಲಿ ಇಟ್ಕೊಂಡ್ರೆ ಎಳೆ ಬಿಚ್ಕೊಳ್ಳತ್ತೆ. ಇಡೀ ಸೆರಗೇ ಕೊಟ್ಬಿಡೋಣ ಅನ್ಸತ್ತೆ, ಉದ್ದ ಬಟ್ಟೆ ಕುತ್ತಿಗೆಗೆ ಸುತ್ಕೊಳ್ಳತ್ತೆ, ಬೇಡ. ಫಾಲ್ಸ್ ಹಾಕೋ ಆಂಟಿ "ಪಿಕೋ ಮಾಡ್ಕೊಡ್ಲಾ" ಅಂದ್ರು, ಬೇಡ ಅಂದು ಅಂಚನ್ನ ಎರಡು ಮಡಿಕೆ ಮಡಿಚಿ ಹೊಲಿಸಿದೆ. ಪಿಕೋ ಅಂಚು ಮಗು ಚೀಪಿ ಚೀಪಿ ಎಳೆ ಬಿಡತ್ತೆ, ಆ ಒಂದು ಎಳೆ ರಾತ್ರಿ ಪುಟ್ಟ ಬೆರಳಿಗೆ ಸುತ್ಕೊಂಡು ಬಿಗಿದ್ರೆ ಬೆರಳಿಗೆ ರಕ್ತ ಓಡಲ್ಲ. ಮಗು ಕಾರಣವೇ ಇಲ್ದೆ ಕಿರುಚಿ ಅಳ್ತಿದ್ರೆ ಕೈಕಾಲಿನ ಬೆರಳು ಒಂದೊಂದೇ ನೋಡಿ, ಒಂದು ಬೆರಳು ಮಾತ್ರ ಕೆಂಪಗೆ ಊದಿದ್ರೆ ಎಳೆ ಅದ್ರ ಬುಡದಲ್ಲೇ ಹೂತ್ಕೊಂಡಿರ್ಬೋದು, ಬಿಡಿಸೋಕೆ ಆಗ್ಲಿಲ್ಲ ಅಂದ್ರೆ ತಕ್ಷಣ ಆಸ್ಪತ್ರೆಗೆ.

ಬೊಂಬೆನೇ ಬೇಕು ಅನ್ನೋರು ಅಂಗೈಗಿಂತ ಸ್ವಲ್ಪ ದೊಡ್ಡದು ತಗೊಳ್ಳಿ, ಕಣ್ಣು ಮೂಗು ದಾರದಲ್ಲಿ ಕಸೂತಿ ಮಾಡಿರ್ಬೇಕು, ಬಟನ್ನು, ರಿಬ್ಬನ್ನು, ಗೆಜ್ಜೆ, ಸೆಲ್ ಹಾಕೋದು ಯಾವ್ದೂ ಬೇಡ. 2021ರ ಜನವರಿಯಿಂದ ಆಟದ ಸಾಮಾನಿಗೆ ಐಎಸ್‌ಐ ಗುರುತು ಕಡ್ಡಾಯ, ಅದನ್ನ ನೋಡಿ. ನಾಮಕರಣಕ್ಕೆ ಬಂದ ಆಳೆತ್ತರದ ಟೆಡ್ಡಿ ಬೀರು ಮೇಲೇ ಇರ್ಲಿ. ಚನ್ನಪಟ್ಟಣದ ಬೊಂಬೆ ನಂಗೂ ಇಷ್ಟ, ಆದ್ರೆ ಮರದ್ದು, ಅದು ಹಗಲಾಟಕ್ಕೆ.

ಕೊಡೋದು ಹೇಗೆ ಅನ್ನೋದ್ರಲ್ಲಿ ನಾನು ಮಾಡಿದ ತಪ್ಪು ಏನಂದ್ರೆ ಮೊದಲ ದಿನಾನೇ ರಾತ್ರಿ ಕೈಗೆ ತುರುಕಿದ್ದು. ಎಸೆದ್ಲು. ಅವಳಿಗೆ ಅದೊಂದು ಒರೆಸೋ ಬಟ್ಟೆ ಅಷ್ಟೆ. ಅಮ್ಮನ ಜೊತೆ ಸಂಬಂಧ ಇದೆ ಅಂತ ಅನ್ನಿಸ್ಬೇಕಾದ್ರೆ ವಾಸನೆ ಬೇಕು, ಹಾಗಾಗಿ ಎರಡೂ ತುಂಡನ್ನ ಎರಡು ರಾತ್ರಿ ನನ್ನ ರವಿಕೆ ಒಳಗೆ ಇಟ್ಕೊಂಡು ಮಲಗಿದೆ. ಆಮೇಲೆ ಒಂದು ವಾರ ಬರೀ ಹಗಲು. ಹಾಲು ಕುಡಿಸೋವಾಗ ನಮ್ಮಿಬ್ಬರ ಮಧ್ಯೆ ಇರತ್ತೆ, ಕಥೆ ಹೇಳೋವಾಗ ತೊಡೆ ಮೇಲೆ ಇರತ್ತೆ, ಬಿದ್ದು ಅತ್ರೆ ಎತ್ಕೊಂಡು ಅದ್ರಲ್ಲೇ ಕಣ್ಣೊರೆಸೋದು. ಮುಖದ ಮೇಲೆ ಹಾಕಿ "ಪುಟ್ಟಿ ಎಲ್ಲೀ?" ಅಂತ ಆಟ ಆಡ್ತಿದ್ವಿ, ಥಟ್ ಅಂತ ಎಳೆದು ಬಿಸಾಕಿ ನಗ್ತಿದ್ಲು. ಎಳೆಯೋಕೆ ಬರತ್ತೆ ಅಂತ ಗೊತ್ತಾಗೋದು ಒಳ್ಳೇದೇ, ಆದ್ರೆ ಈ ಆಟ ಪಾಸಾದ ಒಂಬತ್ತು ತಿಂಗಳ ಮಗೂಗೆ ರಾತ್ರಿ ಕೊಡ್ಬೋದು ಅಂತ ಅಂದ್ಕೋಬೇಡಿ.

ಎಂಟನೇ ದಿನದಿಂದ ರಾತ್ರಿ. ದೀಪ ಆರಿಸಿ, ಲಾಲಿ ಹಾಡಿ, ಸೆರಗು ಹಿಡಿಯೋಕೆ ಬಂದ ಕೈಗೆ ತುಂಡಿನ ಮೂಲೆ ಕೊಟ್ಟೆ, ಮೂಲೇಲಿ ಒಂದು ಗಂಟು ಹಾಕಿದ್ದೆ, ಹಿಡಿಯೋಕೆ ಚೆನ್ನಾಗಿರತ್ತೆ. ನಾನು ಆ ದಿನಗಳಲ್ಲಿ ಬೇಕಂತಲೇ ಚೂಡಿದಾರ ಹಾಕ್ತಿದ್ದೆ, ಸೆರಗೇ ಇಲ್ದಂಗೆ. ಕೈ ಹತ್ರ ಇಡಿ, ಮುಖದ ಹತ್ರ ಬೇಡ, ಬಟ್ಟೆಗೆ ಪಿನ್ ಮಾಡೋದು, ಕೈಗೆ ಕಟ್ಟೋದು ಬೇಡವೇ ಬೇಡ. ನಿದ್ದೆ ಹತ್ತಿದ ಮೇಲೆ ಮೊದಮೊದಲು ನಾನು ಮುಖದಿಂದ ದೂರ ಸರಿಸ್ತಿದ್ದೆ. ರಾತ್ರಿ ಎದ್ದು ಅತ್ರೆ ಎತ್ಕೊಳ್ಳೋ ಮುಂಚೆ ಒಂದ್ಸಲ ತುಂಡನ್ನ ಕೈಗೆ ಕೊಟ್ಟು ಬೆನ್ನು ತಟ್ಟಿ ನೋಡ್ತಿದ್ದೆ, ಆದ್ರೂ ಅತ್ರೆ ಎತ್ಕೊಳ್ತಿದ್ದೆ, ಜ್ವರವೋ ಹಸಿವೋ ಇದ್ರೆ ಬಟ್ಟೆ ಏನು ಮಾಡತ್ತೆ ಪಾಪ.

ಹನ್ನೊಂದನೇ ದಿನ ಎಲ್ಲ ಕೆಟ್ಟೋಯ್ತು. ಚೆನ್ನಾಗಿ ಹಿಡ್ಕೊಳ್ತಿದ್ದೋಳು ಮೂಸಿ ಎಸೆದ್ಲು. ವಿಚಾರಿಸಿದ್ರೆ ಅತ್ತೆ ಕೊಳೆಯಾಗಿದೆ ಅಂತ ಎರಡನ್ನೂ ಒಟ್ಟಿಗೆ ಒಗೆದು ಘಮಘಮ ಅನ್ನೋ ಲಿಕ್ವಿಡ್‌ನಲ್ಲಿ ನೆನೆಸಿದ್ರು, ಬಟ್ಟೆ ಅದೇ, ವಾಸನೆ ಬೇರೆ. ಮತ್ತೆ ಎರಡು ರಾತ್ರಿ ನನ್ನ ರವಿಕೆ ಒಳಗೆ. ಎರಡು ತುಂಡು ಯಾಕಂದ್ರೆ ಇದಕ್ಕೇ: ಮೂರು ದಿನಕ್ಕೊಮ್ಮೆ ಅದಲು ಬದಲು ಮಾಡಿ, ಒಂದು ಒಗೆಯೋವಾಗ ಇನ್ನೊಂದು ಮಗು ಹತ್ರ ಇರತ್ತೆ, ಎರಡೂ ಒಂದೇ ಥರ ಸವೆಯತ್ತೆ, ಒಂದೇ ಥರ ವಾಸನೆ ಬರತ್ತೆ. ಒಂದನ್ನೇ ಬಳಸಿ ಇನ್ನೊಂದನ್ನ ಹೊಸದಾಗಿ ಇಟ್ಟಿದ್ರೆ ಕಳೆದುಹೋದ ದಿನ ಮಗು ಹೊಸದನ್ನ ಮುಟ್ಟೋದೂ ಇಲ್ಲ. ಒಗೆಯೋಕೆ ವಾಸನೆ ಕಮ್ಮಿ ಇರೋ ಸೋಪು, ಬಿಸಿಲಲ್ಲಿ ಪೂರ್ತಿ ಒಣಗಿಸಿ.

ಮೂರನೇ ವಾರಕ್ಕೆ ಅವಳೇ "ತಾಚಿ" ಅಂತ ಕೇಳೋಕೆ ಶುರು ಮಾಡಿದ್ಲು, ತಾಚಿ ಅಂದ್ರೆ ಅವಳಿಗೆ ನಿದ್ದೇನೂ ಹೌದು, ಆ ಬಟ್ಟೇನೂ ಹೌದು. ಮೂರ್ನಾಲ್ಕು ವಾರ ಆದ್ರೂ ಮಗು ಒಪ್ಲಿಲ್ಲ ಅಂದ್ರೆ ಬಿಟ್ಬಿಡಿ, ಎಷ್ಟೋ ಮಕ್ಕಳಿಗೆ ಬೇಕಾಗಲ್ಲ, ನಮ್ಮ ನಾದಿನಿ ಮಗನಿಗೆ ಅವನ ಕಿವೀನೇ ಸಾಕು, ಉಜ್ಕೊಂಡು ಮಲಗ್ತಾನೆ. ಎದೆಹಾಲು ಬಿಡಿಸೋ ವಾರ, ಹಲ್ಲು ಬರೋ ವಾರ, ಜ್ವರ ಬಂದ ವಾರ ಮಾತ್ರ ಶುರು ಮಾಡ್ಬೇಡಿ, ಬಟ್ಟೆ ಕೆಲಸ ಮಾಡ್ತಿಲ್ವೋ ಮಗೂಗೆ ಕಷ್ಟ ಆಗ್ತಿದ್ಯೋ ಗೊತ್ತೇ ಆಗಲ್ಲ.

ಈಗ ಅವಳಿಗೆ ಎರಡು ದಾಟಿದೆ. ಒಗೆದಾಗೆಲ್ಲ ಅಂಚು ಬೆರಳಲ್ಲಿ ಎಳೆದು ನೋಡ್ತೀನಿ, ಎಳೆ ಬಿಟ್ಟ ಕಡೆ ಕತ್ತರಿಸಿ ಮತ್ತೆ ಮಡಿಚಿ ಹೊಲಿಸ್ತೀನಿ, ಹಾಗೆ ಮಾಡಿ ಮಾಡಿ ಒಂದಡಿ ತಾಚಿ ಈಗ ನನ್ನ ಅಂಗೈಯಷ್ಟಾಗಿದೆ. ಸೀರೆಯ ಉಳಿದ ಭಾಗ ಬೀರುವಲ್ಲಿ ಎತ್ತಿಟ್ಟಿದ್ದೀನಿ, ಅತ್ತೆಗೆ ಎಲ್ಲಿದೆ ಅಂತ ಹೇಳಿಲ್ಲ.