ನಾಲ್ಕನೇ ಕಾಲಂಗೆ ಹೆಚ್ಚು ಜಾಗ: ಆಲ್ಡಾಲ್ ಮತ್ತು ಕ್ಯಾನಿಝಾರೋ ಸಾಲುಗಳನ್ನು ನಾನು ಬರೆದ ಬಗೆ

ಸಾವಯವ ರಸಾಯನಶಾಸ್ತ್ರದ ಹೆಸರಿರುವ ಕ್ರಿಯೆಗಳ ಚಾರ್ಟನ್ನು ಮೊದಲು ಅಕಾರಾದಿಯಾಗಿ ಬರೆದಿದ್ದೆ. ಹುಡುಕಲು ಸುಲಭ, ಆದರೆ ಗೊಂದಲ ಹಾಗೆಯೇ ಉಳಿಯುತ್ತದೆ. ಯಾವ ಎರಡು ಕ್ರಿಯೆಗಳು ತಲೆಯಲ್ಲಿ ಕಲಸಿಹೋಗುತ್ತವೋ ಅವೇ ಹಾಳೆಯ ಮೇಲೆ ದೂರ ದೂರ ಕೂತಿರುತ್ತವೆ. ಈಗ ಒಂದೇ ರಿಯೇಜೆಂಟ್ ಬಳಸುವ ಕ್ರಿಯೆಗಳನ್ನು ಒಂದರ ಕೆಳಗೊಂದು ಬರೆಯುತ್ತೇನೆ. ಕಾಲಂಗಳು ನಾಲ್ಕು: ರಿಯೇಜೆಂಟ್, ಪರಿಸ್ಥಿತಿ, ಉತ್ಪನ್ನದ ಬಗೆ, ಗೊಂದಲ. ಹಾಳೆಯನ್ನು ಅಡ್ಡಲಾಗಿ ಹಿಡಿದು, ಅರ್ಧದಷ್ಟು ಅಗಲವನ್ನು ಕೊನೆಯ ಕಾಲಂಗೇ ಬಿಡುತ್ತೇನೆ.

ಇದರ ಲಾಭ ಅತಿ ಹೆಚ್ಚು ಕಾಣುವುದು ಆಲ್ಡಿಹೈಡ್ ಮತ್ತು NaOH ಸೇರುವ ಗುಂಪಿನಲ್ಲಿ. ಆಲ್ಡಾಲ್‌ಗೂ NaOH, ಕ್ಯಾನಿಝಾರೋಗೂ NaOH. ಮೊದಲ ಕಾಲಂನಲ್ಲಿ ಬರೀ 'NaOH' ಎಂದು ಬರೆದರೆ ಆ ಎರಡು ಸಾಲುಗಳು ಏನನ್ನೂ ಹೇಳುವುದಿಲ್ಲ. ಆಲ್ಡಾಲ್ ಎದುರು 'ಸಾರರಿಕ್ತ, ತಣ್ಣಗೆ', ಕ್ಯಾನಿಝಾರೋ ಎದುರು 'ಸಾರೀಕೃತ, ಸುಮಾರು 50%' ಎಂದು ಬರೆಯಲೇಬೇಕು. ಅಷ್ಟಾದರೂ ನಿಜವಾಗಿ ದಾರಿ ತೀರ್ಮಾನಿಸುವುದು ಸಾರತೆಯಲ್ಲ, ಆಲ್ಫಾ ಹೈಡ್ರೋಜನ್. ಅದು ಇದ್ದರೆ ಪ್ರತ್ಯಾಮ್ಲ ಅದನ್ನು ಕಿತ್ತುಕೊಂಡು ಇನೊಲೇಟ್ ಮಾಡುತ್ತದೆ. ಆ ದಾರಿಯೇ ವೇಗದ್ದಾದ್ದರಿಂದ ಅಂಥ ಆಲ್ಡಿಹೈಡ್ ಸಾರೀಕೃತ NaOH ನಲ್ಲೂ ಸಾಮಾನ್ಯವಾಗಿ ಕ್ಯಾನಿಝಾರೋ ಕಡೆ ಹೋಗುವುದಿಲ್ಲ.

ಹಾಗಾಗಿ ಆಲ್ಡಾಲ್‌ನ ಗೊಂದಲದ ಕಾಲಂನಲ್ಲಿ ನಾನು ಬರೆಯುವ ಮೊದಲ ವಾಕ್ಯ: 'CHO ದಲ್ಲಿರುವ H ಆಲ್ಫಾ ಅಲ್ಲ.' ಆಲ್ಫಾ ಎಂದರೆ ಕಾರ್ಬೊನಿಲ್‌ನ ಪಕ್ಕದ ಕಾರ್ಬನ್; ಎಣಿಸಬೇಕಾದದ್ದು ಅದರ ಮೇಲಿನ ಹೈಡ್ರೋಜನ್. ಬೆಂಜಾಲ್ಡಿಹೈಡ್‌ನಲ್ಲಿ ಆ ಕಾರ್ಬನ್ ಉಂಗುರದ್ದು, ಅದರ ಮೇಲೆ ಹೈಡ್ರೋಜನ್ ಇಲ್ಲ. ಆರ್ಥೋ ಸ್ಥಾನದ ಹೈಡ್ರೋಜನ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ತಪ್ಪುವವರೂ ಇದ್ದಾರೆ. ಉತ್ಪನ್ನದ ಕಾಲಂನಲ್ಲಿ ಎರಡು ಹಂತ ಬೇರೆ ಬೇರೆ ಇರಲಿ: ತಣ್ಣಗಿದ್ದಾಗ ಬೀಟಾ-ಹೈಡ್ರಾಕ್ಸಿ ಆಲ್ಡಿಹೈಡ್, ಬಿಸಿ ಮಾಡಿದಾಗ ನೀರು ಕಳೆದು ಅಪರ್ಯಾಪ್ತ ಆಲ್ಡಿಹೈಡ್. CH3CHO ದ ಹೆಸರಾದ ಎಥನಾಲ್ ಅನ್ನು ಆಲ್ಕೊಹಾಲ್ ಎಂದು ಯಾರೂ ಓದಿಕೊಳ್ಳದಂತೆ ನಾನು ಉದಾಹರಣೆಯನ್ನು ಸೂತ್ರದಲ್ಲೇ ಬರೆಯುತ್ತೇನೆ:

```
2 CH3CHO → CH3CH(OH)CH2CHO → CH3CH=CHCHO
```

ಕ್ಯಾನಿಝಾರೋ ಸಾಲಿಗೆ ಬೆಂಜಾಲ್ಡಿಹೈಡ್‌ನ ಲೆಕ್ಕವನ್ನೇ ಇಟ್ಟಿದ್ದೇನೆ, ಏಕೆಂದರೆ ತಪ್ಪು ಅಲ್ಲೇ ಬಯಲಾಗುತ್ತದೆ.

```
2 C6H5CHO + NaOH → C6H5CH2OH + C6H5COONa
```

ಹೈಡ್ರಾಕ್ಸೈಡ್ ಒಂದು ಅಣುವಿನ ಕಾರ್ಬೊನಿಲ್‌ಗೆ ಸೇರುತ್ತದೆ. ಆ ಅಣು ತನ್ನ ಹೈಡ್ರೈಡನ್ನು ಇನ್ನೊಂದು ಅಣುವಿಗೆ ಕೊಡುತ್ತದೆ. ಕೊಟ್ಟದ್ದು ಉತ್ಕರ್ಷಣಗೊಂಡಿತು, ಪಡೆದದ್ದು ಅಪಕರ್ಷಣಗೊಂಡಿತು. 10.6 ಗ್ರಾಂ ಬೆಂಜಾಲ್ಡಿಹೈಡ್ ಎಂದರೆ 0.1 ಮೋಲ್. ಇದರಿಂದ ಬೆಂಜೈಲ್ ಆಲ್ಕೊಹಾಲ್ ಹೆಚ್ಚೆಂದರೆ 0.05 ಮೋಲ್, ಅಂದರೆ 5.4 ಗ್ರಾಂ ಸಿಗಬಹುದು. ಉತ್ತರದಲ್ಲಿ 10.8 ಗ್ರಾಂ ಬಂದಿದ್ದರೆ ಎಲ್ಲ ಅಣುಗಳೂ ಆಲ್ಕೊಹಾಲ್ ಆದವು ಎಂದು ಭಾವಿಸಿದ್ದಾರೆ ಎಂದೇ ಅರ್ಥ. ಇನ್ನರ್ಧ ಪಾತ್ರೆಯಲ್ಲಿ ಸೋಡಿಯಂ ಬೆಂಜೋಯೇಟ್ ಆಗಿರುತ್ತದೆ. ಬೆಂಜೋಯಿಕ್ ಆಮ್ಲ, ಹೆಚ್ಚೆಂದರೆ 6.1 ಗ್ರಾಂ, ಬರುವುದು HCl ಹಾಕಿದ ಮೇಲೆ ಮಾತ್ರ. ಉತ್ಪನ್ನದ ಕಾಲಂನಲ್ಲಿ 'ಆಮ್ಲ' ಎಂದು ಬರೆಯದೆ 'ಆಮ್ಲದ ಲವಣ' ಎಂದು ಬರೆಯುವುದು ಇದಕ್ಕೇ.

ಫಾರ್ಮಾಲ್ಡಿಹೈಡ್ ಜೊತೆಗಿದ್ದರೆ ಉತ್ಕರ್ಷಣಗೊಳ್ಳುವುದು ಮುಖ್ಯವಾಗಿ ಅದು. ಬೆಂಜಾಲ್ಡಿಹೈಡ್ ಆಲ್ಕೊಹಾಲ್ ಆಗುತ್ತದೆ. ಇದಕ್ಕೆ ಬೇರೆ ಸಾಲು ಬೇಡ, ಅಲ್ಲೇ ಒಂದು ಗೆರೆ ಸಾಕು.

ಎರಡು ಸಾಲುಗಳ ನಡುವೆ ನಾನು ಬೇಕೆಂದೇ ಜಾಗ ಬಿಟ್ಟು ಬರೆದಿರುವುದು ಬೆಂಜಾಲ್ಡಿಹೈಡ್ ಮತ್ತು CH3CHO ಮಿಶ್ರಣ. 'ಆಲ್ಫಾ ಹೈಡ್ರೋಜನ್ ಇಲ್ಲ, ಆದ್ದರಿಂದ ಬೆಂಜಾಲ್ಡಿಹೈಡ್‌ಗೆ ಆಲ್ಡಾಲ್ ಇಲ್ಲ' ಎಂಬ ನಿಯಮ ಇಲ್ಲಿ ಮುರಿಯುತ್ತದೆ. ಅದು ಇನೊಲೇಟ್ ಕೊಡಲಾರದು, ಆದರೆ ಇನ್ನೊಬ್ಬರ ಇನೊಲೇಟನ್ನು ಸ್ವೀಕರಿಸಬಲ್ಲದು. ಬೆಂಜಾಲ್ಡಿಹೈಡ್ ಮತ್ತು ಸಾರರಿಕ್ತ NaOH ಇರುವ ಪಾತ್ರೆಗೆ CH3CHO ಅನ್ನು ನಿಧಾನವಾಗಿ ಹನಿಸಬೇಕು. ಒಮ್ಮೆಲೇ ಸುರಿದರೆ ಅದು ತನ್ನೊಂದಿಗೇ ಸೇರಿಕೊಳ್ಳುತ್ತದೆ. ನೀರು ಕಳೆದ ನಂತರದ ಉತ್ಪನ್ನ C6H5CH=CHCHO, ಸಿನ್ನಮಾಲ್ಡಿಹೈಡ್. ಈ ಸಾಲಿನ ಗೊಂದಲದ ಕಾಲಂನಲ್ಲಿ ಇಷ್ಟೇ ಬರೆದಿದ್ದೇನೆ: 'ಆಲ್ಡಾಲ್‌ಗೆ ಇಬ್ಬರಲ್ಲಿ ಒಬ್ಬರ ಆಲ್ಫಾ ಹೈಡ್ರೋಜನ್ ಸಾಕು.'

ಕೊನೆಗೊಂದು ಅಪವಾದ, ಕೆಂಪು ಶಾಯಿಯಲ್ಲಿ: CCl3CHO. ಆಲ್ಫಾ ಹೈಡ್ರೋಜನ್ ಇಲ್ಲ, ಆದರೂ NaOH ಜೊತೆ ಕ್ಯಾನಿಝಾರೋ ಬರೆದರೆ ತಪ್ಪು. ಮೂರು ಕ್ಲೋರಿನ್‌ಗಳ ಸೆಳೆತದಿಂದ C–C ಬಂಧವೇ ಮುರಿದು CHCl3 ಮತ್ತು HCOONa ಬರುತ್ತವೆ.