ಮುಂದೆ ಜಲ್ಲಿ, ಅದರಾಚೆ ಎಮ್ಮೆ: ಬೈಕ್ ನಿಲ್ಲಿಸುವುದು ಹೇಗೆ?

ರಸ್ತೆ ಕೆಲಸ ನಡೆಯುವ ಕಡೆ ಟಾರಿನ ಮೇಲೆ ಸಣ್ಣ ಜಲ್ಲಿ ಚೆಲ್ಲಿರುತ್ತದೆ. ನೀವು 50 ಕಿ.ಮೀ. ವೇಗದಲ್ಲಿ ಬರುತ್ತಿದ್ದೀರಿ, ಜಲ್ಲಿ ಇನ್ನು 30 ಮೀಟರ್ ದೂರದಲ್ಲಿದೆ, ಅದನ್ನು ದಾಟಿದರೆ ಸ್ವಲ್ಪ ಆಚೆ ಎಮ್ಮೆಯೊಂದು ರಸ್ತೆಗೆ ಅಡ್ಡ ನಿಂತಿದೆ. ಈಗ ಏನು ಮಾಡಬೇಕು?

ಮೊದಲು ಲೆಕ್ಕ ನೋಡಿ. ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಆಗುತ್ತದೆ, ಅಷ್ಟರಲ್ಲೇ ಬೈಕ್ 14 ಮೀಟರ್ ಮುಂದೆ ಹೋಗಿರುತ್ತದೆ. ಉಳಿಯುವುದು 16 ಮೀಟರ್ ಒಳ್ಳೆಯ ಟಾರು. ಬೈಕಿನ ವೇಗವನ್ನೆಲ್ಲ ಇಳಿಸಬೇಕಾದದ್ದು ಇಲ್ಲೇ. ಸಾಧಾರಣ ಸವಾರ ಇಲ್ಲಿ ಎರಡೂ ಬ್ರೇಕ್ ಸರಿಯಾಗಿ ಹಿಡಿದರೆ ಜಲ್ಲಿಗೆ ಬರುವ ಹೊತ್ತಿಗೆ ವೇಗ ಹೆಚ್ಚುಕಡಿಮೆ 22ಕ್ಕೆ ಇಳಿದಿರುತ್ತದೆ, ಆಮೇಲೆ ಜಲ್ಲಿ ಮೇಲೆ ಮೆಲ್ಲಗೆ ಬ್ರೇಕ್ ಹಿಡಿದರೂ ಏಳೆಂಟು ಮೀಟರಿಗೆ ನಿಲ್ಲುತ್ತದೆ. ಅದೇ 50ರಲ್ಲೇ ಜಲ್ಲಿಗೆ ನುಗ್ಗಿದರೆ ನಿಲ್ಲಲು 40 ಮೀಟರ್ ಹತ್ತಿರ ಬೇಕು, ಅದೂ ಬೀಳದಿದ್ದರೆ.

ಟಾರಿನ ಮೇಲೆ ಹೀಗೆ ಮಾಡಿ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಹಿಂದಿನ ಬ್ರೇಕ್ ಹಗುರವಾಗಿ ಒತ್ತಿ, ಜೊತೆಗೇ ಮುಂದಿನ ಲಿವರನ್ನು ನಿಧಾನ ಬಿಗಿ ಹಿಡಿಯಿರಿ. ಒಮ್ಮೆಲೇ ಎಳೆಯಬೇಡಿ. ಮುಂದಿನ ಫೋರ್ಕ್ ಕೆಳಗೆ ಕುಸಿಯುವುದು ಕೈಗೆ ಗೊತ್ತಾಗುತ್ತದೆ, ಭಾರ ಮುಂದಿನ ಟೈರ್ ಮೇಲೆ ಬಂತು ಅಂತ ಅರ್ಥ, ಆಗ ಇನ್ನೂ ಜೋರಾಗಿ ಹಿಡಿಯಬಹುದು. ಇದೆಲ್ಲ ಅರ್ಧ ಸೆಕೆಂಡಿನೊಳಗೆ ಆಗುವ ಕೆಲಸ. ಮೊಣಕಾಲುಗಳಿಂದ ಟ್ಯಾಂಕ್ ಅಪ್ಪಿ ಹಿಡಿಯಿರಿ, ಇಲ್ಲವಾದರೆ ಮೈಭಾರವೆಲ್ಲ ಹ್ಯಾಂಡಲ್ ಮೇಲೆ ಬಿದ್ದು ಬೈಕ್ ಅತ್ತಿತ್ತ ತಿರುಗುತ್ತದೆ. ಕ್ಲಚ್ ಈಗಲೇ ಬೇಡ, ಎಂಜಿನ್ ಕೂಡ ವೇಗ ಇಳಿಸಲಿ. ನಿಲ್ಲುವ ಹೊತ್ತಿಗೆ ಹಿಡಿದರೆ ಸಾಕು.

ಜಲ್ಲಿ ಶುರುವಾಗುವ ಜಾಗಕ್ಕೆ ಚಕ್ರ ತಲುಪುವ ಮುಂಚೆಯೇ ಮುಂದಿನ ಲಿವರ್ ಸಡಿಲಿಸಿ. ಬಹಳ ಜನ ಎಡವುವುದು ಇಲ್ಲೇ. ಭಯಕ್ಕೆ ಬೆರಳು ಇನ್ನೂ ಬಿಗಿಯುತ್ತದೆ, ಅಲ್ವಾ? ಮುಂದಿನ ಚಕ್ರ ಜಲ್ಲಿ ಮೇಲೆ ಲಾಕ್ ಆದರೆ ಬೈಕ್ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಲಗಿಬಿಡುತ್ತದೆ. ಆಮೇಲೆ ಜಲ್ಲಿ ಮೇಲೆ ಎರಡು ಬೆರಳಿನ ಹಗುರ ಒತ್ತಡ ಸಾಕು, ಹಿಂದಿನ ಬ್ರೇಕಿಗೆ ಕೆಲಸ ಸ್ವಲ್ಪ ಜಾಸ್ತಿ ಕೊಡಿ.

ಯಾಕೆ ಹೀಗೆ? ಟಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಶೇ 80ರಷ್ಟು ಭಾರ ಮುಂದಿನ ಚಕ್ರಕ್ಕೆ ಹೋಗುತ್ತದೆ, ಹಿಂದಿನದು ಹಗುರವಾಗಿ ಬೇಗ ಜಾರುತ್ತದೆ. ಜಲ್ಲಿಯಲ್ಲಿ ಹಿಡಿತವೇ ಕಡಿಮೆ, ಅಷ್ಟು ಜೋರಾಗಿ ಬ್ರೇಕ್ ಹಿಡಿಯಲು ಆಗುವುದೇ ಇಲ್ಲ, ಹಾಗಾಗಿ ಭಾರ ಮುಂದಕ್ಕೆ ಜಾಸ್ತಿ ಸರಿಯುವುದಿಲ್ಲ. ಮುಂದೆ ಸುಮಾರು ಶೇ 60–65 ಅಷ್ಟೇ. ಹಿಂದಿನ ಚಕ್ರದ ಮೇಲೆ ಭಾರ ಉಳಿದಿರುವುದರಿಂದ ಅಲ್ಲಿ ಆ ಬ್ರೇಕ್ ನಿಜವಾಗಿ ಕೆಲಸ ಮಾಡುತ್ತದೆ. ಮುಂದಿನದನ್ನು ಜಲ್ಲಿಯಲ್ಲಿ ಮುಟ್ಟಲೇಬಾರದು ಅನ್ನುವ ಮಾತು ಮಾತ್ರ ತಪ್ಪು. ಅದಿಲ್ಲದೆ ಬೈಕ್ ಬೇಗ ನಿಲ್ಲುವುದಿಲ್ಲ.

ಲಾಕ್ ಆಯಿತು ಅನ್ನುವುದು ಹೇಗೆ ತಿಳಿಯುತ್ತದೆ? ಮುಂದಿನ ಚಕ್ರ ನಿಂತರೆ ಹ್ಯಾಂಡಲ್ ಒಮ್ಮೆಲೇ ಹಗುರವಾಗಿ ಪಕ್ಕಕ್ಕೆ ಮಡಚುತ್ತದೆ. ತಕ್ಷಣ ಲಿವರ್ ಬಿಡಿ, ಚಕ್ರ ತಿರುಗಿದ ಮೇಲೆ ಮತ್ತೆ ಮೆಲ್ಲಗೆ ಹಿಡಿಯಿರಿ. ಹಿಂದಿನದು ಲಾಕ್ ಆದರೆ ಬಾಲ ಅಲ್ಲಾಡುತ್ತದೆ. ಬೈಕ್ ನೇರವಾಗಿದ್ದರೆ ಪೆಡಲ್ ಮೆಲ್ಲಗೆ ಸಡಿಲಿಸಿ. ಬಾಲ ಈಗಾಗಲೇ ಪಕ್ಕಕ್ಕೆ ಬಂದಿದ್ದರೆ, ಅದರಲ್ಲೂ ಟಾರಿನ ಮೇಲೆ, ಥಟ್ಟನೆ ಬಿಡಬೇಡಿ. ಟೈರ್ ಹಿಡಿತ ವಾಪಸ್ ಪಡೆದು ಸವಾರನನ್ನು ಆಚೆ ಎಸೆಯುತ್ತದೆ.

ತಿರುವಿನಲ್ಲಿ ಜಲ್ಲಿ ಸಿಕ್ಕರೆ ಕಷ್ಟ ಜಾಸ್ತಿ, ಬೈಕ್ ವಾಲಿರುವಾಗ ಟೈರಿನ ಹಿಡಿತ ಅರ್ಧ ಅದಕ್ಕೇ ಖರ್ಚಾಗಿರುತ್ತದೆ. ಜಾಗವಿದ್ದರೆ ಮೊದಲು ಬೈಕ್ ನೆಟ್ಟಗೆ ಮಾಡಿ, ಆಮೇಲೆ ಬ್ರೇಕ್.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕ್‌ಗಳಿಗೆ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯ. ಆದರೆ ಸಿಂಗಲ್ ಚಾನೆಲ್ ಆಗಿದ್ದರೆ ಸಾಮಾನ್ಯವಾಗಿ ಮುಂದಿನ ಚಕ್ರಕ್ಕೆ ಮಾತ್ರ ರಕ್ಷಣೆ, ಹಿಂದಿನದು ಲಾಕ್ ಆಗಬಹುದು. ಸಡಿಲ ಜಲ್ಲಿಯಲ್ಲಿ ಎಬಿಎಸ್ ಇದ್ದರೂ ನಿಲ್ಲುವ ದೂರ ಕಡಿಮೆಯಾಗುವುದಿಲ್ಲ, ಜಾಸ್ತಿಯೂ ಆಗಬಹುದು. ಬೀಳದಂತೆ ಕಾಯುತ್ತದೆ ಅಷ್ಟೇ. ಸಿಬಿಎಸ್ ಇರುವ ಸ್ಕೂಟರಿನಲ್ಲಿ ಎಡ ಲಿವರ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ, ಅದು ನೆನಪಿರಲಿ.

ಅಭ್ಯಾಸಕ್ಕೆ ಖಾಲಿ ಮಣ್ಣಿನ ಮೈದಾನ ಸಾಕು. ಹೆಲ್ಮೆಟ್, ಗ್ಲೌಸ್, ಬೂಟು ಹಾಕಿಕೊಂಡು, ನೇರ ದಾರಿಯಲ್ಲಿ, 20ರ ವೇಗದಲ್ಲಿ. ಮೊದಲು ಹಿಂದಿನ ಬ್ರೇಕ್ ಮಾತ್ರ ಒತ್ತಿ, ಎಷ್ಟಕ್ಕೆ ಲಾಕ್ ಆಗುತ್ತದೆ ಅಂತ ಕಾಲಿಗೆ ಗೊತ್ತಾಗಲಿ. ಆದರೆ ಮುಂದಿನದನ್ನು ಲಾಕ್ ಆಗುವವರೆಗೆ ಎಳೆಯಬೇಡಿ. ಆಮೇಲೆ ಎರಡನ್ನೂ ಸೇರಿಸಿ. ಪ್ರತಿ ಸಲ ನಿಲ್ಲಿಸಿದ ಮೇಲೆ ಇಳಿದು ನೆಲದ ಗುರುತು ನೋಡಿ. ಟೈರಿನ ಅಚ್ಚು ಸ್ಪಷ್ಟವಾಗಿದ್ದರೆ ಚಕ್ರ ತಿರುಗುತ್ತಿತ್ತು, ಅಚ್ಚು ಅಳಿಸಿ ಬರೀ ಗೀರು ಉಳಿದಿದ್ದರೆ ಅಲ್ಲಿಂದ ಲಾಕ್ ಆಗಿದೆ.