ಓಎಲ್ಇಡಿ ಟಿವೀಲಿ ಅಕ್ಷರದ ಅಂಚಿಗೆ ಬಣ್ಣ: ನಾನು ಸರಿ ಮಾಡ್ಕೊಂಡ ಬಗೆ

48 ಇಂಚಿನ ಓಎಲ್ಇಡಿ ಟಿವಿನ ಮಾನಿಟರ್ ಮಾಡ್ಕೋತೀನಿ ಅಂದಾಗ ಗೊತ್ತಿರೋರೆಲ್ಲಾ ಬೇಡ ಅಂದ್ರು. ಸಿನಿಮಾ ನೋಡೋಕೆ ಸರಿ, ದಿನಾ ಎಂಟು ಗಂಟೆ ಕೋಡು, ಡಾಕ್ಯುಮೆಂಟು ಓದೋಕಾಗಲ್ಲ, ಅಕ್ಷರದ ಒಂದು ಕಡೆ ಕೆಂಪು ಇನ್ನೊಂದು ಕಡೆ ಹಸಿರು ಕಾಣುತ್ತೆ, ಅದು ಪ್ಯಾನೆಲ್ಲಿನ ಹಣೆಬರಹ, ಏನೂ ಮಾಡೋಕಾಗಲ್ಲ ಅಂತ. ಈಗ ಒಂದೂವರೆ ವರ್ಷದಿಂದ ಅದೇ ಟಿವೀಲಿ ಕೆಲಸ ಮಾಡ್ತಿದೀನಿ. ಬೇಡ ಅಂದವರಲ್ಲಿ ಇಬ್ಬರು ಬಂದು ಕೂತು ಓದಿ, ಸೆಟ್ಟಿಂಗ್ ಬರ್ಕೊಂಡು ಹೋದ್ರು. ಆದ್ರೆ ಇಲ್ಲಿಗೆ ಬರೋಕೆ ಮೂರು ತಿಂಗಳು ಹಿಡೀತು, ದುಡ್ಡೂ ಹೋಯ್ತು, ಅದನ್ನೇ ಮೊದಲು ಹೇಳ್ತೀನಿ.

ಮೊದಲ ದಿನ ನೋಡಿದ ತಕ್ಷಣ ಕೇಬಲ್ ಸರಿ ಇಲ್ಲ ಅನ್ಕೊಂಡೆ. ದುಬಾರಿ ಕೇಬಲ್ ತಂದೆ, ಏನೂ ಬದಲಾಗ್ಲಿಲ್ಲ. ಅದಕ್ಕಿಂತ ದುಬಾರಿದು ಇನ್ನೊಂದು ತಂದೆ, ಅದೂ ಅಷ್ಟೇ. ಆಮೇಲೆ ಡಿಸ್‌ಪ್ಲೇಪೋರ್ಟಿಂದ ಎಚ್‌ಡಿಎಂಐಗೆ ಹೋಗೋ ಅಡಾಪ್ಟರ್ ತಂದೆ. ಒಟ್ಟು ಹೆಚ್ಚೂಕಮ್ಮಿ ಟಿವಿ ಬೆಲೆಯ ಹತ್ತರಲ್ಲೊಂದು ಪಾಲು ಇದರಲ್ಲೇ ಹೋಯ್ತು. ಅಡಾಪ್ಟರ್ ಮಾತ್ರ ಸ್ವಲ್ಪ ಕೆಲಸಕ್ಕೆ ಬಂತು, ಆದ್ರೆ ಯಾಕೆ ಬಂತು ಅಂತ ನಂಗೆ ಗೊತ್ತಾಗಿದ್ದು ಎಷ್ಟೋ ದಿನ ಆದ್ಮೇಲೆ. ನನ್ನ ಹಳೇ ಗ್ರಾಫಿಕ್ಸ್ ಕಾರ್ಡಿನ ಎಚ್‌ಡಿಎಂಐ 2.0ದು, ಅದರಲ್ಲಿ 4ಕೆ 120 ಹರ್ಟ್ಸ್ ಪೂರ್ತಿ ಬಣ್ಣದಲ್ಲಿ ಹಿಡಿಸಲ್ಲ. ಹಾಗಾಗಿ ಡ್ರೈವರ್ ಸದ್ದಿಲ್ಲದೆ 4:2:0ಗೆ ಇಳಿಸಿತ್ತು. ಅಂದ್ರೆ ನಾಲ್ಕು ಪಿಕ್ಸೆಲ್ಲಿಗೆ ಸೇರಿ ಒಂದೇ ಬಣ್ಣ ಹೋಗ್ತಿತ್ತು. ಬೆಳಕು ಕತ್ತಲೆ ಪಿಕ್ಸೆಲ್ಲಿಗೊಂದು, ಬಣ್ಣ ನಾಲ್ಕಕ್ಕೊಂದು. ಅಡಾಪ್ಟರ್ ಆ ಎಚ್‌ಡಿಎಂಐ ಪೋರ್ಟನ್ನ ಬಿಟ್ಟು ಹೋಗ್ತಿತ್ತು, ಅದಕ್ಕೇ ಕೆಲಸಕ್ಕೆ ಬಂದಿದ್ದು. ಕೆಂಪು ಬ್ಯಾಕ್‌ಗ್ರೌಂಡ್ ಮೇಲೆ ನೀಲಿ ಅಕ್ಷರ ಬರೆದು ನೋಡಿ, ಮಸಿ ಒಡೆದಂಗೆ ಹರಡಿದ್ರೆ ಇದೇ ಕಾಯಿಲೆ. ಇದನ್ನ ಕಂಡುಹಿಡಿಯೋಕೆ ಒಂದು ಪೈಸೆ ಬೇಕಿರಲಿಲ್ಲ, 60 ಹರ್ಟ್ಸ್, 8 ಬಿಟ್, ಆರ್‌ಜಿಬಿ ಫುಲ್‌ಗೆ ಇಳಿಸಿದ್ರೆ ಅದೇ ಹಳೇ ಪೋರ್ಟಲ್ಲಿ, ಅದೇ ಹಳೇ ಕೇಬಲ್ಲಲ್ಲಿ ಸರಿಹೋಗ್ತಿತ್ತು. ಇದರ ಜೊತೆ ಟಿವಿ ಕಡೆಯಿಂದ ಆ ಇನ್‌ಪುಟ್ಟಿಗೆ ಪಿಸಿ ಅಂತ ಲೇಬಲ್ ಹಾಕಬೇಕು, ಇಲ್ಲಾಂದ್ರೆ ನೀವು 4:4:4, ಅಂದ್ರೆ ಪ್ರತಿ ಪಿಕ್ಸೆಲ್ಲಿಗೂ ಅದರದೇ ಬಣ್ಣ ಕಳಿಸಿದ್ರೂ ಟಿವಿ ಒಳಗೆ ಅದನ್ನ ವಿಡಿಯೋ ಥರ ಅರೆದುಬಿಡುತ್ತೆ. ಶಾರ್ಪ್‌ನೆಸ್, ಓವರ್‌ಸ್ಕ್ಯಾನ್ ವಿಷಯ ನಿಮಗೆಲ್ಲಾ ಗೊತ್ತಿರುತ್ತೆ, ಬಿಡ್ತೀನಿ.

ಇಷ್ಟು ಮಾಡಿದ್ಮೇಲೆ ಅರ್ಧ ಸರಿಹೋಯ್ತು. ಅರ್ಧ ಉಳೀತು. ತಲೆಕೆಡಿಸಿದ್ದು ಏನಂದ್ರೆ ವರ್ಡಲ್ಲಿ ಅಕ್ಷರ ಚೆನ್ನಾಗೇ ಕಾಣ್ತಿತ್ತು, ಬ್ರೌಸರಲ್ಲಿ ಮತ್ತೆ ನನ್ನ ಎಡಿಟರಲ್ಲಿ ಅಂಚು ಹೊಲಸಾಗಿತ್ತು. ಒಂದೇ ಟಿವಿ, ಒಂದೇ ಕೇಬಲ್, ಪಕ್ಕಪಕ್ಕದ ಎರಡು ಕಿಟಕಿ. ತಪ್ಪು ಪ್ಯಾನೆಲ್ಲಿದೇ ಆಗಿದ್ರೆ ಎರಡೂ ಕಡೆ ಒಂದೇ ಥರ ಇರಬೇಕಿತ್ತಲ್ವಾ?

ಆಗ ಮಾಡಿದ್ದು ಸ್ಕ್ರೀನ್‌ಶಾಟ್ ಪರೀಕ್ಷೆ. ಇದನ್ನ ಮೊದಲೇ ಮಾಡಿದ್ರೆ ಆ ಕೇಬಲ್ ದುಡ್ಡು ಉಳೀತಿತ್ತು. ಎರಡೂ ಕಿಟಕಿ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತಗೊಂಡು ಎಂಟು ಪಟ್ಟು ದೊಡ್ಡದು ಮಾಡಿ ನೋಡಿ. ಸ್ಕ್ರೀನ್‌ಶಾಟಲ್ಲಿ ಕೇಬಲ್ಲಿನ ದೋಷ ಬರಲ್ಲ, ಪ್ಯಾನೆಲ್ಲಿನ ದೋಷಾನೂ ಬರಲ್ಲ, ಕಂಪ್ಯೂಟರ್ ಬರೆದಿದ್ದು ಮಾತ್ರ ಬರುತ್ತೆ. ನನ್ನ ಸ್ಕ್ರೀನ್‌ಶಾಟಲ್ಲಿ ಬ್ರೌಸರಿನ ಕಪ್ಪು ಅಕ್ಷರದ ಸುತ್ತ ಕಿತ್ತಳೆ, ನೀಲಿ ಪಿಕ್ಸೆಲ್ಲುಗಳು ಸಾಲಾಗಿ ಕೂತಿದ್ವು, ವರ್ಡಿನದ್ದು ಬರೀ ಬೂದು. ಅಂದ್ರೆ ಬಣ್ಣ ಹಾಕ್ತಿದ್ದಿದ್ದು ಅಕ್ಷರದ ಅಂಚಿಗೆ ಬಣ್ಣದ ಪಿಕ್ಸೆಲ್ ಇಟ್ಟು ನಯ ಮಾಡೋ ವಿಂಡೋಸಿನ ಕ್ಲಿಯರ್‌ಟೈಪ್. ವರ್ಡ್ 2013ರಿಂದಾನೇ ಅದನ್ನ ಬಿಟ್ಟು ಗ್ರೇಸ್ಕೇಲ್, ಅಂದ್ರೆ ಬರೀ ಬೂದು ಛಾಯೇಲಿ ಅಂಚು ನಯ ಮಾಡೋ ರೀತಿ ಬಳಸ್ತಿದೆ, ಅದಕ್ಕೇ ಅಲ್ಲಿ ತೊಂದರೆ ಇರಲಿಲ್ಲ. ಮ್ಯಾಕ್ ಇಟ್ಕೊಂಡವರು ಈ ಬಣ್ಣದ ಬಗ್ಗೆ ಅಷ್ಟು ಗೋಳಾಡದೇ ಇರೋದಕ್ಕೂ ಇದೇ ಕಾರಣ, 2018ರ ಮ್ಯಾಕ್‌ಓಎಸ್ ಮೊಹಾವೇಲೇ ಆಪಲ್ ತನ್ನ ಕಡೆಯ ಇಂಥದ್ದನ್ನ ಡಿಫಾಲ್ಟಾಗಿ ಆಫ್ ಮಾಡ್ತು.

ಈಗ ಕ್ಲಿಯರ್‌ಟೈಪ್ ಯಾಕೆ ಇಲ್ಲಿ ಮಾತ್ರ ಕೆಡುತ್ತೆ ಅಂತ ಸ್ವಲ್ಪ ಹೇಳಲೇಬೇಕು. ಫೋನಿಗೆ ಸಿಕ್ಕಿಸೋ ಮ್ಯಾಕ್ರೋ ಲೆನ್ಸಲ್ಲಿ ಪ್ಯಾನೆಲ್ ಫೋಟೋ ತೆಗೆದೆ. ಒಂದೊಂದು ಪಿಕ್ಸೆಲ್ಲೂ ಸಬ್‌ಪಿಕ್ಸೆಲ್ ಅನ್ನೋ ಸಣ್ಣ ಬಣ್ಣದ ದೀಪಗಳಿಂದ ಆಗಿರುತ್ತೆ. ನನ್ನದು ಬಿಳಿ ಸಬ್‌ಪಿಕ್ಸೆಲ್ ಇರೋ ಜಾತಿ, ಎಡದಿಂದ ಬಲಕ್ಕೆ ಕೆಂಪು, ಬಿಳಿ, ನೀಲಿ, ಹಸಿರು. ಕ್ಲಿಯರ್‌ಟೈಪ್ ಅನ್ಕೊಂಡಿರೋದು ಕೆಂಪು, ಹಸಿರು, ನೀಲಿ. ಬಿಳಿ ಹಾಳೆ ಮೇಲೆ ಕಪ್ಪು ಗೆರೆ ಪಿಕ್ಸೆಲ್ಲಿನ ಮೂರನೇ ಎರಡು ಭಾಗ ಬಿಟ್ಟು ಶುರುವಾಗಬೇಕು ಅಂತಿಟ್ಕೊಳಿ. ಕ್ಲಿಯರ್‌ಟೈಪ್ ಏನ್ ಮಾಡುತ್ತೆ, ಕೆಂಪು ಹಸಿರು ಉರಿಸಿ ನೀಲಿ ಆರಿಸುತ್ತೆ. ಎಲ್‌ಸಿಡಿ ಮೇಲೆ ಎಡದ ಎರಡು ಉರಿದು ಬಲದ್ದು ಆರಿ, ಅಂಚು ಕರೆಕ್ಟಾಗಿ ಕೂರುತ್ತೆ. ನನ್ನ ಪ್ಯಾನೆಲ್ ಮೇಲೆ ಕೆಂಪು ಎಡತುದೀಲಿ ಉರಿಯುತ್ತೆ, ಹಸಿರು ಬಲತುದೀಲಿ ಕಪ್ಪು ಗೆರೆಗೆ ಅಂಟ್ಕೊಂಡು ಉರಿಯುತ್ತೆ, ನಡುವೆ ನೀಲಿ ಆರಿರುತ್ತೆ. ಇನ್ನೊಂದು ಯಾರೂ ಹೇಳದ ವಿಷಯ, ಅದು ಹಳದಿ ಬಣ್ಣ ಆಗಿರೋದ್ರಿಂದ ಬಿಳಿ ಸಬ್‌ಪಿಕ್ಸೆಲ್ಲೂ ಆರಿಹೋಗುತ್ತೆ. ಪಿಕ್ಸೆಲ್ ನಡುವೆ ತೂತು, ಎರಡು ತುದೀಲಿ ಎರಡು ಬಣ್ಣ. ನಿಮ್ಮ ಕಣ್ಣಿಗೆ ಚುಚ್ಚೋ ಆ ಹಸಿರು ಗೆರೆ ಇದೇ.

ಅದೇ ಪಿಕ್ಸೆಲ್ಲಿಗೆ ಬೂದು ಬಣ್ಣ ಕೊಟ್ಟು ನೋಡಿ. ಬೂದಿನಲ್ಲಿ ಮೂರು ಬಣ್ಣಾನೂ ಸಮ ಇರೋದ್ರಿಂದ ಬೆಳಕಿನ ಹೆಚ್ಚು ಪಾಲನ್ನ ಬಿಳಿ ಸಬ್‌ಪಿಕ್ಸೆಲ್ಲೇ ಕೊಡುತ್ತೆ, ಉಳಿದವು ಬಣ್ಣ ಸರಿತೂಗಿಸೋಕೆ ಅಷ್ಟೇ. ತೂತು ತುಂಬ್ತು. ಅಲ್ಲಿಂದ ನಾನು ಮಾಡಿದ್ದೆಲ್ಲಾ ಒಂದೇ ಕೆಲಸ, ಬಿಳಿ ಸಬ್‌ಪಿಕ್ಸೆಲ್ಲಿಗೆ ಕೆಲಸ ಕೊಡೋದು.

ಕ್ಲಿಯರ್‌ಟೈಪ್ ಆಫ್ ಮಾಡಿ ಅಂತ ಎಲ್ಲರೂ ಹೇಳ್ತಾರೆ, ಮಾಡಿದವರು ಛೀ ಅಂತ ವಾಪಸ್ ಆನ್ ಮಾಡ್ತಾರೆ. ನಾನೂ ಎರಡು ಸಲ ಹಾಗೇ ಮಾಡ್ದೆ. ಆಫ್ ಮಾಡಿದ್ರೆ ಹಳೇ ಪ್ರೋಗ್ರಾಮುಗಳ ಮೆನು, ಡಯಲಾಗ್ ಎಲ್ಲಾ ಸಣಕಲಾಗಿ, ಹಲ್ಲುಹಲ್ಲಾಗಿ ಕಾಣುತ್ತೆ. ಕಾರಣ ಏನಂದ್ರೆ ಎಷ್ಟೋ ಹಳೇ ಫಾಂಟುಗಳ ಒಳಗೇ, ಇಷ್ಟು ಪಿಕ್ಸೆಲ್ಲಿಗಿಂತ ಚಿಕ್ಕದಿದ್ರೆ ಅಂಚು ನಯ ಮಾಡಬೇಡ ಅಂತ ಬರೆದಿಟ್ಟಿರ್ತಾರೆ. 100% ಸ್ಕೇಲಿಂಗಲ್ಲಿ 9 ಪಾಯಿಂಟ್ ಅಂದ್ರೆ 12 ಪಿಕ್ಸೆಲ್, ಆ ಮಿತಿಯೊಳಗೇ ಬೀಳುತ್ತೆ. 150% ಮಾಡಿದ್ರೆ 18 ಪಿಕ್ಸೆಲ್, ಹೆಚ್ಚಿನವು ಮಿತಿ ದಾಟ್ತವೆ, ಗ್ರೇಸ್ಕೇಲ್ ನಿಜವಾಗಿ ಶುರುವಾಗೋದು ಅಲ್ಲಿ. ಹಾಗಾಗಿ ಮೊದಲು ಸ್ಕೇಲಿಂಗ್ 150%, ಆಮೇಲೆ ಕ್ಲಿಯರ್‌ಟೈಪ್ ಆಫ್. ಈ ಕ್ರಮ ತಪ್ಪಿದ್ರಿಂದ್ಲೇ ನನ್ನ ಎರಡು ಪ್ರಯತ್ನ ಕೆಟ್ಟಿದ್ದು. 4ಕೆಲಿ ಜಾಗ ಕಮ್ಮಿ ಆಯ್ತಲ್ಲಾ ಅಂತೀರಾ, ಆಯ್ತು ನಿಜ, ನಾನು ಒಪ್ಕೊಂಡೆ.

ನಾನು ಹಾಕಿದ್ದು ಇದು, ಆಮೇಲೆ ಲಾಗೌಟ್ ಆಗಿ ಬನ್ನಿ:

```
reg add "HKCU\Control Panel\Desktop" /v FontSmoothing /t REG_SZ /d 2 /f
reg add "HKCU\Control Panel\Desktop" /v FontSmoothingType /t REG_DWORD /d 1 /f
reg add "HKCU\Software\Microsoft\Avalon.Graphics\DISPLAY1" /v PixelStructure /t REG_DWORD /d 0 /f
reg add "HKCU\Software\Microsoft\Avalon.Graphics\DISPLAY1" /v ClearTypeLevel /t REG_DWORD /d 0 /f
```

ಮೊದಲೆರಡು ಸಾಲು ಹಳೇ ರೀತಿ ಅಕ್ಷರ ಬರೆಯೋ ಪ್ರೋಗ್ರಾಮುಗಳಿಗೆ, ಕೊನೆ ಎರಡು ಹೊಸ ರೀತಿಯವಕ್ಕೆ. ಎರಡನೇ ಸ್ಕ್ರೀನ್ ಇದ್ರೆ ನಿಮ್ಮ ಟಿವಿ DISPLAY2 ಆಗಿರಬಹುದು, ನಂದು ಹಾಗೇ ಆಗಿ ಒಂದು ಸಂಜೆ ಪೂರ್ತಿ ಹಾಳಾಯ್ತು. ಮೊದಲು ಇರೋ ಕೀ ಎಕ್ಸ್‌ಪೋರ್ಟ್ ಮಾಡಿಟ್ಕೊಳಿ. ಮಾಡಿದ್ಮೇಲೆ ಮತ್ತೆ ಸ್ಕ್ರೀನ್‌ಶಾಟ್ ತೆಗೆದು ದೊಡ್ಡದು ಮಾಡಿ, ಬಣ್ಣದ ಪಿಕ್ಸೆಲ್ ಒಂದೂ ಇರಬಾರದು. ಯಾವ್ದೋ ಒಂದು ಪ್ರೋಗ್ರಾಮಲ್ಲಿ ಮಾತ್ರ ಉಳಿದಿದ್ರೆ ಅದು ತನ್ನದೇ ಸೆಟ್ಟಿಂಗ್ ಇಟ್ಕೊಂಡಿದೆ ಅಂತ, ಅದರೊಳಗೇ ಹುಡುಕಬೇಕು. ಅದೇ ಕೀ ಒಳಗೆ GammaLevel, TextContrastLevel ಅಂತ ಇನ್ನೆರಡಿವೆ, ಅಕ್ಷರ ಎಷ್ಟು ದಪ್ಪ, ಎಷ್ಟು ಗಾಢ ಅನ್ನೋದು ಅಲ್ಲಿದೆ. ನನ್ನ ನಂಬರ್ ಹೇಳಲ್ಲ, ಎರಡು ವಾರ ಕೂತು ಹೊಂದಿಸಿದ್ದು ಅದು, ನೀವೂ ನಿಮ್ಮ ಕಣ್ಣಿಗೆ ಹೊಂದಿಸ್ಕೊಳಿ.

ನಡುವೆ ಒಂದು ಅಡ್ಡ ಪ್ರಯೋಗಾನೂ ಮಾಡ್ದೆ. ಕ್ಲಿಯರ್‌ಟೈಪಿನ ಕ್ರಮಾನ ಬಿಜಿಆರ್‌ಗೆ, ಅಂದ್ರೆ ನೀಲಿ, ಹಸಿರು, ಕೆಂಪಿಗೆ ತಿರುಗಿಸಿದ್ರೆ ಸರಿಹೋಗುತ್ತೆ ಅಂತ ಒಬ್ಬ ಸ್ನೇಹಿತ ಹೇಳಿದ್ದ. ತಿರುಗಿಸ್ದೆ, ಇನ್ನೂ ಕೆಟ್ಟದಾಯ್ತು. ಬಿಳೀನ ಬಿಟ್ಟು ನೋಡಿದ್ರೆ ನಮ್ಮ ಕ್ರಮ ಕೆಂಪು, ನೀಲಿ, ಹಸಿರು. ಆರ್‌ಜಿಬಿಲಿ ಕೆಂಪಾದ್ರೂ ಎಡಕ್ಕೇ ಇದೆ, ಬಿಜಿಆರಲ್ಲಿ ಒಂದೂ ತನ್ನ ಜಾಗದಲ್ಲಿಲ್ಲ. ಕ್ಯೂಡಿ-ಓಎಲ್ಇಡಿ ಇರೋ ಸ್ನೇಹಿತರ ಮನೇಲಿ ನೋಡ್ದೆ, ಅಲ್ಲಿ ಸಬ್‌ಪಿಕ್ಸೆಲ್ ತ್ರಿಕೋನ, ಹಸಿರು ಮೇಲೆ, ಕೆಂಪು ನೀಲಿ ಕೆಳಗೆ. ಅಡ್ಡಗೆರೆಗಳ ಮೇಲೆ ಒಂದು ಕಡೆ ಹಸಿರು, ಇನ್ನೊಂದು ಕಡೆ ನೇರಳೆ ಬರುತ್ತೆ. ನಮ್ಮ ಕನ್ನಡ ಅಕ್ಷರದ ತಲೆಕಟ್ಟಿನ ಮೇಲೆ ಅದು ಚೆನ್ನಾಗೇ ಎದ್ದು ಕಾಣುತ್ತೆ. ಅಲ್ಲೂ ಗ್ರೇಸ್ಕೇಲ್ ಸ್ವಲ್ಪ ಸಹಾಯ ಮಾಡ್ತು, ಆದ್ರೆ ಬಿಳಿ ಸಬ್‌ಪಿಕ್ಸೆಲ್ ಇಲ್ಲದ್ದರಿಂದ ನನಗೆ ಸಿಕ್ಕಷ್ಟು ಫಲ ಸಿಗಲಿಲ್ಲ. ಲಿನಕ್ಸ್ ಮೆಷೀನಲ್ಲಿ ಕೆಲಸ ಸುಲಭ, ಫಾಂಟ್‌ಕಾನ್ಫಿಗಲ್ಲಿ `rgba` ಅನ್ನೋದನ್ನ `none` ಮಾಡಿದ್ರೆ ಮುಗೀತು. ವಿಂಡೋಸಲ್ಲಿ ಅಕ್ಷರ ಬರೆಯೋ ಎಂಜಿನ್ನನ್ನೇ ಬದಲಾಯಿಸೋ ಮ್ಯಾಕ್‌ಟೈಪ್ ಕೂಡ ಇದೆ, ಅದರಲ್ಲಿ ನಾನು ಒಂದು ಪ್ರೊಫೈಲ್ ಮಾಡಿಟ್ಕೊಂಡಿದೀನಿ, ಇನ್ನೂ ಪೂರ್ತಿ ಪಳಗಿಲ್ಲ, ಅದಕ್ಕೆ ಈಗ ಕೊಡಲ್ಲ.

ಪೂರ್ತಿ ಹೋಗಿದ್ಯಾ ಅಂದ್ರೆ ಇಲ್ಲ. ಮೂಗು ತಾಗೋ ಹಾಗೆ ಹತ್ತಿರ ಹೋದ್ರೆ ಕಪ್ಪಿನ ಮೇಲಿನ ಬಿಳಿ ಗೆರೆಯ ಎಡಕ್ಕೆ ತುಸು ಕೆಂಪು, ಬಲಕ್ಕೆ ತುಸು ಹಸಿರು ಇನ್ನೂ ಇದೆ, ಅದು ಪ್ಯಾನೆಲ್ಲಿನದ್ದೇ, ಸಾಫ್ಟ್‌ವೇರಲ್ಲಿ ಗ್ರೇಸ್ಕೇಲ್ ಮಾಡಿ ತೆಗೆಯೋಕಾಗಲ್ಲ. ಅದಕ್ಕೆ ಮದ್ದು ದೂರ. 48 ಇಂಚಿನ 4ಕೆಲಿ ಒಂದು ಪಿಕ್ಸೆಲ್ ಅಗಲ ಸುಮಾರು 0.28 ಮಿಲಿಮೀಟರ್, ಮಾಮೂಲಿ ಒಳ್ಳೇ ಕಣ್ಣಿನ ಮಿತಿಗೆ ಅದು ಬಂದು ಕೂರೋದು 95 ಸೆಂಟಿಮೀಟರ್ ಹತ್ತಿರ. ನಾನು ಮೊದಲು 60ರಲ್ಲಿ ಕೂರ್ತಿದ್ದೆ. ಟಿವಿನ ಟೇಬಲ್ಲಿಂದ ತೆಗೆದು ಹಿಂದಿನ ಗೋಡೆಗೆ ಹಾಕ್ದೆ, ಈಗ ಒಂದು ಮೀಟರ್ ಚಿಲ್ಲರೆ ಇದೆ. ಆ ಬ್ರಾಕೆಟ್ಟಿಗೆ ಕೊಟ್ಟ ದುಡ್ಡು ಎರಡು ಕೇಬಲ್ಲಿಗೆ ಕೊಟ್ಟಿದ್ದಕ್ಕಿಂತ ಕಮ್ಮಿ, ಫಲ ಅದರ ನಾಲ್ಕರಷ್ಟು.

ಎಡಿಟರಿನ ಬಣ್ಣಗಳನ್ನೂ ಬದಲಾಯಿಸ್ದೆ. ಕಪ್ಪು ಮೇಲೆ ಗಾಢ ನೀಲಿ ಅಕ್ಷರ ಅಂದ್ರೆ ನಾಲ್ಕರಲ್ಲಿ ಒಂದೇ ಸಬ್‌ಪಿಕ್ಸೆಲ್ ಉರಿಯುತ್ತೆ, ಅಕ್ಷರ ಮುರಿದಂಗೆ ಕಾಣುತ್ತೆ. ಅದನ್ನ ತಿಳಿನೀಲಿ ಮಾಡಿದ್ರೆ ಬಿಳಿ ಸಬ್‌ಪಿಕ್ಸೆಲ್ ಜೊತೆಗೂಡುತ್ತೆ, ಗೆರೆ ತುಂಬ್ಕೊಳ್ಳುತ್ತೆ. ಕೆಂಪು, ಹಸಿರಿಗೂ ಹಾಗೇ ಮಾಡ್ದೆ. ಮೊನ್ನೆ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದ್ಮೇಲೆ ಅಕ್ಷರ ಮತ್ತೆ ಯಾಕೋ ಮಬ್ಬಾದಂಗೆ ಅನ್ನಿಸ್ತು. ಸ್ಕ್ರೀನ್‌ಶಾಟ್ ತೆಗೆದೆ, ಬರೀ ಬೂದು. ಹಾಗಾದ್ರೆ ಕಂಪ್ಯೂಟರ್ ಬರೆದಿದ್ದು ಸರಿ ಇದೆ ಅಂತ ಡ್ರೈವರ್ ಸೆಟ್ಟಿಂಗ್ ತೆಗೆದು ನೋಡಿದ್ರೆ ಆರ್‌ಜಿಬಿ ಹೋಗಿ, ಎರಡು ಪಿಕ್ಸೆಲ್ಲಿಗೆ ಒಂದೇ ಬಣ್ಣ ಕಳಿಸೋ 4:2:2 ಆಗಿ ಕೂತಿತ್ತು. ವಾಪಸ್ ಹಾಕ್ದೆ, ಎರಡು ನಿಮಿಷದ ಕೆಲಸ.